ಡಿಪ್ರೆಷನ್ ಮಾತ್ರೆ ದಿಢೀರ್ ನಿಲ್ಲಿಸಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹಬ್ಬದ ರಜೆ ಮುಗಿದ ವಾರ ನನ್ನ ಕ್ಲಿನಿಕ್ಕಿಗೆ ಒಂದೇ ಥರದ ದೂರು ಹೊತ್ತು ಬರುವವರು ಜಾಸ್ತಿ. ಊರಿಗೆ ಹೋಗಿದ್ದರು, ಮಾತ್ರೆ ಮುಗಿಯಿತು, ಅಲ್ಲಿ ಸಿಗಲಿಲ್ಲ. ಇಲ್ಲವೇ 'ಚೆನ್ನಾಗೇ ಇದ್ದೀನಲ್ಲ, ಇನ್ನು ಯಾಕೆ' ಅನ್ನಿಸಿ ಅವರೇ ಬಿಟ್ಟರು. ಮೂರ್ನಾಲ್ಕು ದಿನಕ್ಕೆ ತಲೆ ಸುತ್ತು, ವಾಕರಿಕೆ, ವಿಚಿತ್ರ ಕನಸು. ಅವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಎಸ್ಸಿಟಲೋಪ್ರಾಮ್ ಅನ್ನೇ ತೆಗೆದುಕೊಂಡಿದ್ದೇನೆ, ನಮ್ಮಲ್ಲಿ ತುಂಬ ಜನರ ಚೀಟಿಯಲ್ಲಿ ಇರುವುದು ಅದೇ.

ಮಾತ್ರೆ ಬಿಟ್ಟು ನಾಲ್ಕು ದಿನ ಆಯ್ತು. ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುತ್ತಿದೆ. ಇದೇನು?

ಈ 'ಕರೆಂಟ್' ಅನ್ನು ಬೇರೆ ಬೇರೆ ಊರಿನವರು ಬೇರೆ ಬೇರೆ ಥರ ಹೇಳುತ್ತಾರೆ. ಒಬ್ಬರಿಗೆ ತಲೆಯಲ್ಲಿ 'ಜುಂಯ್' ಅನ್ನಿಸುತ್ತದೆ. ಇನ್ನೊಬ್ಬರಿಗೆ ಟ್ಯೂಬ್‌ಲೈಟ್ ಮಿಣುಕಿ ಹೊತ್ತಿಕೊಂಡ ಹಾಗೆ. ಕ್ಷಣಮಾತ್ರ ಇರುತ್ತದೆ, ದಿನಕ್ಕೆ ಹತ್ತಾರು ಸಲ ಬರಬಹುದು. ಕಣ್ಣನ್ನು ಥಟ್ಟನೆ ಪಕ್ಕಕ್ಕೆ ಹೊರಳಿಸಿದಾಗ ಜಾಸ್ತಿ. ರಸ್ತೆ ದಾಟುವಾಗ ಬಲಕ್ಕೆ ಎಡಕ್ಕೆ ನೋಡಿದರೆ ಸಾಕು, ಬರುತ್ತದೆ.

ಸೆರೊಟೋನಿನ್ ಮೇಲೆ ಕೆಲಸ ಮಾಡುವ ಮಾತ್ರೆಯನ್ನು ನಿಲ್ಲಿಸಿದಾಗ ಕಾಣಿಸುವ ಲಕ್ಷಣಗಳಲ್ಲಿ ಇದು ತುಂಬ ವಿಶೇಷವಾದದ್ದು. ಬರೀ ಡಿಪ್ರೆಷನ್ನಿನಲ್ಲಿ ಹೀಗಾಗುವುದಿಲ್ಲ. ಹೆದರಿಕೆ ಹುಟ್ಟಿಸುತ್ತದೆ ನಿಜ, ಆದರೆ ಇದು ಫಿಟ್ಸ್ ಅಲ್ಲ, ಪಾರ್ಶ್ವವಾಯುವಿನ ಮುನ್ಸೂಚನೆಯೂ ಅಲ್ಲ.

ಜೊತೆಗೆ ಬರುವ ಬೇರೆ ಲಕ್ಷಣಗಳೂ ಇವೆ. ದೋಣಿಯಲ್ಲಿ ನಿಂತ ಹಾಗೆ ತೇಲಾಟ, ಹೊಟ್ಟೆ ತೊಳಸುವುದು, ಜ್ವರ ಬರುವ ಮುಂಚಿನಂಥ ಮೈಕೈ ನೋವು, ಬೆವರು, ಕೈಕಾಲು ಜುಮ್ಮೆನ್ನುವುದು. ನಿದ್ದೆ ಕೆಡುತ್ತದೆ. ಬಂದ ನಿದ್ದೆಯಲ್ಲೂ ಕನಸುಗಳು ಎಷ್ಟು ಸ್ಪಷ್ಟ ಅಂದರೆ ಎದ್ದಮೇಲೆ 'ಇದು ನಿಜವಾಗಿ ನಡೆಯಿತಾ' ಎಂಬ ಅನುಮಾನ. ಮನಸ್ಸಿನ ಕಡೆ ನೋಡಿದರೆ ಸಿಡುಕು, ಗಾಬರಿ, ಕಾರಣವಿಲ್ಲದೆ ಅಳು. ಎಲ್ಲವೂ ಎಲ್ಲರಿಗೂ ಬರುವುದಿಲ್ಲ.

ಯಾಕೆ ಹೀಗಾಗುತ್ತದೆ?

ಮೆದುಳಿನ ನರಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೊರಗೆ ಬಿಟ್ಟು, ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತವೆ. ಎಳೆದುಕೊಳ್ಳುವ ಬಾಗಿಲುಗಳನ್ನು ಈ ಮಾತ್ರೆ ಮುಚ್ಚುತ್ತದೆ. ಹಾಗಾಗಿ ಸೆರೊಟೋನಿನ್ ಹೊರಗೆ ಹೆಚ್ಚು ಹೊತ್ತು ಉಳಿಯುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದಾಗ ಮೆದುಳು ಅದಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುತ್ತದೆ, ಸೆರೊಟೋನಿನ್ನಿಗೆ ಸ್ಪಂದಿಸುವುದನ್ನು ಒಂದಿಷ್ಟು ತಗ್ಗಿಸುತ್ತದೆ.

ತಲೆಮೇಲೆ ಹೊರೆ ಹೊತ್ತು ಎರಡು ಮೈಲಿ ನಡೆದವರಿಗೆ ಇದು ಗೊತ್ತು. ಹೊರೆ ಇಳಿಸಿದ ಕೂಡಲೇ ಹಾಯೆನಿಸುವುದಿಲ್ಲ, ಮೊದಲು ಕುತ್ತಿಗೆ ತೇಲಾಡುತ್ತದೆ. ಭಾರಕ್ಕೆ ಒಗ್ಗಿದ ಕುತ್ತಿಗೆಗೆ ಭಾರ ಇಲ್ಲದಿರುವುದೇ ಹೊಸದು. ಮಾತ್ರೆ ದಿಢೀರ್ ನಿಂತಾಗ ಮೆದುಳಿಗೂ ಹಾಗೇ. ಕುತ್ತಿಗೆ ಐದು ನಿಮಿಷದಲ್ಲಿ ಸರಿಹೋಗುತ್ತದೆ, ಮೆದುಳಿಗೆ ವಾರಗಳು ಬೇಕು. ಸೆರೊಟೋನಿನ್ ಬರೀ ಮೂಡಿಗೆ ಸಂಬಂಧಿಸಿದ್ದೂ ಅಲ್ಲ. ಕರುಳು, ನಿದ್ದೆ, ದೇಹದ ಸಮತೋಲ, ಎಲ್ಲ ಕಡೆ ಅದರ ಕೆಲಸ ಇದೆ. ಅದಕ್ಕೇ ಹೊಟ್ಟೆಯಿಂದ ತಲೆಯವರೆಗೆ ಲಕ್ಷಣಗಳು.

ಎಲ್ಲರಿಗೂ ಹೀಗಾಗುತ್ತದಾ?

ಇಲ್ಲ. 2024ರಲ್ಲಿ ಜರ್ಮನಿಯ ಸಂಶೋಧಕರು 79 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮಾತ್ರೆ ನಿಲ್ಲಿಸಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಏನಾದರೂ ಲಕ್ಷಣ ಕಾಣಿಸಿತ್ತು. ಸೋಜಿಗ ಅಂದರೆ, ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ನುಂಗುತ್ತಿದ್ದು ನಿಲ್ಲಿಸಿದವರಲ್ಲೂ ಆರರಲ್ಲಿ ಒಬ್ಬರಿಗೆ ಕಾಣಿಸಿತ್ತು. ಆ ಲೆಕ್ಕ ಕಳೆದರೆ, ನಿಜವಾಗಿ ಔಷಧಿ ನಿಂತದ್ದರಿಂದಲೇ ತೊಂದರೆ ಆದವರು ಆರೇಳು ಜನರಲ್ಲಿ ಒಬ್ಬರು. ಜೋರಾಗಿ ಆಗುವುದು ಸುಮಾರು 35 ಜನರಲ್ಲಿ ಒಬ್ಬರಿಗೆ.

ಈ ಲೆಕ್ಕಕ್ಕೆ ಒಂದು ಮಿತಿ ಇದೆ. ಅಧ್ಯಯನಗಳಲ್ಲಿ ಎಷ್ಟೋ ಜನ ಕೆಲವೇ ವಾರ, ಕೆಲವೇ ತಿಂಗಳು ಮಾತ್ರೆ ತೆಗೆದುಕೊಂಡವರು. ವರ್ಷಗಟ್ಟಲೆ ತೆಗೆದುಕೊಂಡವರಿಗೆ ತೊಂದರೆ ಹೆಚ್ಚು ಎನ್ನುವುದು ನನ್ನ ಕುರ್ಚಿಯಿಂದ ಕಾಣುವ ಚಿತ್ರ. ಆದ್ದರಿಂದ 'ನನ್ನ ಭಾವಮೈದ ಒಂದೇ ದಿನದಲ್ಲಿ ಬಿಟ್ಟ, ಏನೂ ಆಗಲಿಲ್ಲ' ಎಂಬುದು ಸುಳ್ಳಲ್ಲ. ನಿಮಗೂ ಹಾಗೇ ಆಗುತ್ತದೆ ಎನ್ನುವ ಖಾತ್ರಿಯೂ ಅದರಲ್ಲಿಲ್ಲ.

ಯಾವ ಮಾತ್ರೆ ಎಂಬುದರ ಮೇಲೆ ವ್ಯತ್ಯಾಸ ಇದೆಯಾ?

ಇದೆ, ಬಹಳ ಇದೆ. ಮಾತ್ರೆ ರಕ್ತದಿಂದ ಎಷ್ಟು ಬೇಗ ಖಾಲಿಯಾಗುತ್ತದೆ ಎನ್ನುವುದನ್ನು ನೋಡಬೇಕು.

ವೆನ್ಲಾಫಾಕ್ಸಿನ್ ಎಲ್ಲರಿಗಿಂತ ಅವಸರದ ಗಿರಾಕಿ. ಸುಮಾರು ಐದು ಗಂಟೆಗೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ, ದೇಹದಲ್ಲಿ ಅದರಿಂದ ಹುಟ್ಟುವ ಇನ್ನೊಂದು ರೂಪ ಹನ್ನೊಂದು ಗಂಟೆಗೆ. ಬೆಳಿಗ್ಗೆಯ ಕ್ಯಾಪ್ಸೂಲ್ ಮರೆತವರಿಗೆ ಸಂಜೆಯೊಳಗೇ ತಲೆ ತಿರುಗಲು ಶುರುವಾಗುವುದುಂಟು. ಪ್ಯಾರಾಕ್ಸೆಟಿನ್ ಕೂಡ ಬಿಡಿಸಿಕೊಳ್ಳಲು ಕಷ್ಟ ಕೊಡುವಂಥದ್ದೇ. ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್ ನಡುವಿನವು, ಅರ್ಧಕ್ಕೆ ಇಳಿಯಲು ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು. ಅದಕ್ಕೇ ಎರಡನೇ ಮೂರನೇ ದಿನದವರೆಗೆ ಏನೂ ಗೊತ್ತಾಗುವುದಿಲ್ಲ.

ಫ್ಲೂಆಕ್ಸೆಟಿನ್ ಮಾತ್ರ ಆನೆ ನಡಿಗೆಯದು. ತಿಂಗಳುಗಟ್ಟಲೆ ತೆಗೆದುಕೊಂಡವರಲ್ಲಿ ಅದು, ಅದರಿಂದ ಹುಟ್ಟುವ ರೂಪ, ಎರಡೂ ವಾರಗಟ್ಟಲೆ ರಕ್ತದಲ್ಲಿ ಉಳಿದು ತಾವಾಗಿಯೇ ನಿಧಾನಕ್ಕೆ ಇಳಿಯುತ್ತವೆ. ತೊಂದರೆ ಕಡಿಮೆ, ಬಂದರೂ ತಡವಾಗಿ ಬರುತ್ತದೆ. ಕೆಲವು ಕಷ್ಟದ ಸಂದರ್ಭಗಳಲ್ಲಿ ನಾವು ವೆನ್ಲಾಫಾಕ್ಸಿನ್ ಅಥವಾ ಪ್ಯಾರಾಕ್ಸೆಟಿನ್‌ನಿಂದ ಫ್ಲೂಆಕ್ಸೆಟಿನ್‌ಗೆ ಬದಲಿಸಿ ಆಮೇಲೆ ಇಳಿಸುವುದು ಇದೇ ಕಾರಣಕ್ಕೆ.

ಇದು ಕಾಯಿಲೆ ಮರಳಿ ಬಂದದ್ದಾ, ಮಾತ್ರೆ ನಿಲ್ಲಿಸಿದ್ದಕ್ಕೆ ಆದದ್ದಾ? ಹೇಗೆ ಗೊತ್ತಾಗುತ್ತದೆ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ಇಲ್ಲಿ ಎಡವಿದರೆ ಎರಡು ಥರದ ತಪ್ಪಾಗುತ್ತದೆ. 'ಅಯ್ಯೋ, ಕಾಯಿಲೆ ವಾಪಸ್ ಬಂತು, ಜೀವನಪೂರ್ತಿ ಮಾತ್ರೆಯೇ ಗತಿ' ಎಂದುಕೊಳ್ಳುವುದು ಒಂದು. ಏನೂ ತಿಳಿಯದೆ ಬೇರೆ ಬೇರೆ ಕಾಯಿಲೆಗಳಿಗೆ ಪರೀಕ್ಷೆ ಮಾಡಿಸುತ್ತ ಅಲೆಯುವುದು ಇನ್ನೊಂದು.

ಒಬ್ಬ ಹೈಸ್ಕೂಲ್ ಗಣಿತದ ಮೇಷ್ಟ್ರ ಕತೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನಲವತ್ತಾರು ವರ್ಷ. ಎರಡು ವರ್ಷದಿಂದ ಎಸ್ಸಿಟಲೋಪ್ರಾಮ್ 10 ಮಿಲಿಗ್ರಾಂ, ರಾತ್ರಿ ಊಟದ ಮೇಲೆ. ಚೆನ್ನಾಗಿದ್ದರು. ದೀಪಾವಳಿಗೆ ಊರಿಗೆ ಹೊರಟಾಗ ಸ್ಟ್ರಿಪ್ ಖಾಲಿಯಾಗಿತ್ತು, 'ನೋಡೋಣ, ಬಿಟ್ಟೇ ಬಿಡೋಣ' ಅಂದುಕೊಂಡರು.

ಮೊದಲ ದಿನ ಏನಿಲ್ಲ. ಎರಡನೇ ದಿನವೂ ಏನಿಲ್ಲ, 'ಸುಮ್ನೆ ಇಷ್ಟು ದಿನ ನುಂಗಿದೆ' ಎಂದು ಹೆಂಡತಿಗೆ ಹೇಳಿದರಂತೆ. ಮೂರನೇ ದಿನ ಬೈಕಿನ ಕನ್ನಡಿ ಕಡೆ ಕಣ್ಣು ಹೊರಳಿಸಿದಾಗ ತಲೆಯಲ್ಲಿ ಜುಂಯ್. ಸಂಜೆಗೆ ನೆಲ ತೇಲುತ್ತಿತ್ತು. ನಾಲ್ಕನೇ ದಿನ ಪಟಾಕಿ ಸದ್ದಿಗೆ ಮಕ್ಕಳ ಮೇಲೆ ಕೂಗಾಡಿ, ಆಮೇಲೆ ಹಿತ್ತಲಿಗೆ ಹೋಗಿ ಅತ್ತರು. ಮನೆಯಲ್ಲಿ ದೃಷ್ಟಿ ತೆಗೆದರು. ಐದನೇ ದಿನ ಅಲ್ಲಿನ ಒಬ್ಬ ಡಾಕ್ಟರು ಬಿಪಿ ನೋಡಿ, ತಲೆಸುತ್ತಿನ ಮಾತ್ರೆ ಬರೆದುಕೊಟ್ಟರು. ಆರನೇ ದಿನ ಇನ್ನೊಬ್ಬರು ಕುತ್ತಿಗೆಯ ಎಕ್ಸ್‌ರೇ ತೆಗೆಸಿ 'ಮೂಳೆ ಸವೆದಿದೆ' ಅಂದರು. ನಲವತ್ತು ದಾಟಿದ ಎಷ್ಟೋ ಜನರ ಕುತ್ತಿಗೆಯ ಎಕ್ಸ್‌ರೇ ತೆಗೆದರೆ ಒಂದಿಷ್ಟು ಸವೆತ ಕಾಣುತ್ತದೆ, ಅದು ಬೇರೆ ಮಾತು. ಎಂಟನೇ ದಿನ ಎಂಆರ್‌ಐ ಮಾಡಿಸುವ ಮಾತು ಬಂದಾಗ ಹೆಂಡತಿ ನನಗೆ ಫೋನ್ ಮಾಡಿದರು. 'ಸರ್, ಇವರು ನಿಮ್ಮ ಮಾತ್ರೆ ಬಿಟ್ಟಿದ್ದಾರೆ, ಅದಕ್ಕೇನಾದ್ರೂ ಹೀಗಾಗುತ್ತಾ?' ಎಂಟು ದಿನದಲ್ಲಿ ಆ ಪ್ರಶ್ನೆ ಕೇಳಿದ್ದು ಅವರೊಬ್ಬರೇ.

ಗಮನಿಸಬೇಕಾದ ಸುಳಿವುಗಳು ಇದರಲ್ಲೇ ಇವೆ. ಮೊದಲನೆಯದು ದಿನಗಳ ಲೆಕ್ಕ. ಮಾತ್ರೆ ನಿಂತ ಎರಡರಿಂದ ನಾಲ್ಕನೇ ದಿನಕ್ಕೆ ಶುರುವಾಯಿತು. ಡಿಪ್ರೆಷನ್ ಮರಳುವುದಾದರೆ ಅದಕ್ಕೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಬೇಕು. ಅದು ಮೆಲ್ಲಗೆ, ಬಾಗಿಲು ಸದ್ದಾಗದ ಹಾಗೆ ಒಳಗೆ ಬರುತ್ತದೆ. ಎರಡನೆಯದು ಲಕ್ಷಣಗಳ ಗುಣ. ಮೇಷ್ಟ್ರಿಗೆ ಎರಡು ವರ್ಷದ ಹಿಂದೆ ಡಿಪ್ರೆಷನ್ ಬಂದಾಗ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ, ಕ್ಲಾಸಿಗೆ ಹೋಗಲು ಮನಸ್ಸಿರಲಿಲ್ಲ. ಆಗ ತೇಲಾಟ ಇರಲಿಲ್ಲ, ಕರೆಂಟ್ ಇರಲಿಲ್ಲ. ಹಿಂದೆಂದೂ ಇಲ್ಲದ ದೇಹದ ಲಕ್ಷಣ ಹೊಸದಾಗಿ ಬಂದಿದ್ದರೆ ಮಾತ್ರೆಯ ಕಡೆ ನೋಡಬೇಕು.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ. ಅದೇ ಮಾತ್ರೆ ಮತ್ತೆ ಶುರು ಮಾಡಿದಾಗ ಎಷ್ಟು ಬೇಗ ಕಡಿಮೆಯಾಗುತ್ತದೆ? ಮಾತ್ರೆ ನಿಂತದ್ದರಿಂದ ಬಂದ ತೊಂದರೆಯಾದರೆ ಒಂದರಿಂದ ಮೂರು ದಿನದಲ್ಲಿ ಇಳಿಯುತ್ತದೆ. ಡಿಪ್ರೆಷನ್ ಅಷ್ಟು ಬೇಗ ಮಾತ್ರೆಗೆ ಬಗ್ಗುವುದಿಲ್ಲ, ಅದಕ್ಕೆ ಎರಡರಿಂದ ನಾಲ್ಕು ವಾರವಾದರೂ ಬೇಕು. ಮೇಷ್ಟ್ರು ಅಂದು ರಾತ್ರಿ 10 ಮಿಲಿಗ್ರಾಂ ತೆಗೆದುಕೊಂಡರು. ಮಾರನೇ ದಿನ ಅರ್ಧ ಕಡಿಮೆ. ಮೂರನೇ ದಿನ ಅವರೇ ಬೈಕ್ ಓಡಿಸಿಕೊಂಡು ಊರಿಂದ ವಾಪಸ್ ಬಂದರು.

ಎಲ್ಲರ ಕತೆಯೂ ಹೀಗೆ ನೇರವಾಗಿರುವುದಿಲ್ಲ. ನಿಧಾನವಾಗಿ ಡೋಸ್ ಇಳಿಸುತ್ತಿರುವಾಗ, ಅಥವಾ ಫ್ಲೂಆಕ್ಸೆಟಿನ್ ನಿಲ್ಲಿಸಿದಾಗ, ದಿನದ ಲೆಕ್ಕ ಮಸುಕಾಗುತ್ತದೆ. ಅಳು, ಗಾಬರಿ ಎರಡರಲ್ಲೂ ಇರುತ್ತವೆ. ಆಗ ದಿನಚರಿ ಬರೆದಿಟ್ಟುಕೊಂಡಿದ್ದರೆ ಡಾಕ್ಟರಿಗೆ ತುಂಬ ಸಹಾಯ. ಯಾವ ದಿನ ಎಷ್ಟು ಮಾತ್ರೆ, ಯಾವ ದಿನ ಏನಾಯಿತು, ಒಂದೊಂದು ಸಾಲು ಸಾಕು.

ಸರಿ, ಈಗ ನಾನೇನು ಮಾಡಲಿ?

ಬಿಟ್ಟು ಕೆಲವೇ ದಿನ ಆಗಿದ್ದರೆ, ಮಾತ್ರೆ ಬರೆದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಹೆಚ್ಚಿನವರಿಗೆ ಅದೇ ಮಾತ್ರೆ, ಅದೇ ಡೋಸ್ ಮತ್ತೆ ಶುರು ಮಾಡಿ ಅನ್ನುತ್ತೇವೆ. ತಪ್ಪಿದ ದಿನಗಳ ಬಾಕಿ ತೀರಿಸಲು ಎರಡೆರಡು ನುಂಗಬೇಡಿ.

ಬಿಟ್ಟು ಮೂರ್ನಾಲ್ಕು ವಾರ ಕಳೆದಿದ್ದರೆ ಲೆಕ್ಕ ಬೇರೆ. ದೇಹಕ್ಕೆ ಮಾತ್ರೆ ಮತ್ತೆ ಹೊಸದಾಗಿರುತ್ತದೆ. ಹಳೇ ಪೂರ್ತಿ ಡೋಸನ್ನು ನೀವೇ ಶುರು ಮಾಡಬೇಡಿ. ಕಡಿಮೆಯಿಂದ ಶುರು ಮಾಡಬೇಕಾ, ಬೇಡವೇ ಬೇಡವಾ ಎನ್ನುವುದನ್ನು ಕೂತು ನಿರ್ಧರಿಸಬೇಕು.

ಲಕ್ಷಣ ತೀರಾ ಸಣ್ಣದಾಗಿದ್ದು, ಮಾತ್ರೆ ಬಿಡುವುದು ಹೇಗೂ ಡಾಕ್ಟರ ಜೊತೆ ಮಾತಾಡಿಯೇ ಆಗಿದ್ದರೆ, ಕಾಯಬಹುದು. ತುಂಬ ಜನರಿಗೆ ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಕೆಲವರಿಗೆ ತಿಂಗಳುಗಳು ಹಿಡಿಯುವುದೂ ಉಂಟು. ಮೊದಲೆಲ್ಲ ನಮ್ಮ ಪುಸ್ತಕಗಳು ಇದನ್ನು 'ಹಗುರ, ವಾರದಲ್ಲಿ ಹೋಗುತ್ತದೆ' ಎಂದು ತಳ್ಳಿಹಾಕುತ್ತಿದ್ದವು. ರೋಗಿಗಳು ಹೇಳಿದ್ದನ್ನು ನಾವು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. 2019ರಲ್ಲಿ ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು ತನ್ನ ನಿಲುವನ್ನು ಬದಲಿಸಿಕೊಂಡು, ಕೆಲವರಿಗೆ ಇದು ಜೋರಾಗಿಯೂ ದೀರ್ಘವಾಗಿಯೂ ಇರಬಹುದು ಎಂದು ಒಪ್ಪಿತು.

ತಲೆ ತೇಲುತ್ತಿರುವಾಗ ಗಾಡಿ ಓಡಿಸಬೇಡಿ, ಮಾಳಿಗೆ ಏಣಿ ಹತ್ತಬೇಡಿ. ನಿದ್ದೆ ಬರಲಿ ಎಂದು ಕುಡಿಯುವುದಂತೂ ಬೇಡವೇ ಬೇಡ.

ನನ್ನ ಸ್ಟ್ರಿಪ್ ಮೇಲೆ ಎರಡು ಹೆಸರಿದೆ. ತೊಂದರೆ ಇದೆಯಾ?

ಒಂದು ನಿಮಿಷ ಎದ್ದು ಹೋಗಿ ಸ್ಟ್ರಿಪ್ಪಿನ ಹಿಂಭಾಗದ ಸಣ್ಣಕ್ಷರ ಓದಿ. ಎಸ್ಸಿಟಲೋಪ್ರಾಮ್ 10 ಮಿಲಿಗ್ರಾಂ ಜೊತೆ 'ಕ್ಲೊನಾಜೆಪಾಮ್ 0.5 ಮಿಲಿಗ್ರಾಂ' ಎಂದು ಇದ್ದರೆ, ನೀವು ನುಂಗುತ್ತಿರುವುದು ಒಂದು ಮಾತ್ರೆ, ಔಷಧಿ ಎರಡು. ಈ ಜೋಡಿ ಮಾತ್ರೆ ನಮ್ಮ ದೇಶದಲ್ಲಿ ಬಹಳ ಓಡುತ್ತದೆ. ಪ್ಯಾರಾಕ್ಸೆಟಿನ್ ಜೊತೆಗೂ ಕ್ಲೊನಾಜೆಪಾಮ್ ಸೇರಿಸಿ ಬರುತ್ತದೆ.

ಕ್ಲೊನಾಜೆಪಾಮ್ ಡಿಪ್ರೆಷನ್ ಮಾತ್ರೆ ಅಲ್ಲ, ಗಾಬರಿ ತಗ್ಗಿಸಿ ನಿದ್ದೆ ತರುವ ಬೇರೆಯೇ ಜಾತಿ. ಶುರುವಿನ ಕೆಲವು ವಾರಕ್ಕೆಂದು ಕೊಟ್ಟದ್ದು, ಚೀಟಿ ತೋರಿಸಿ ತೋರಿಸಿ ವರ್ಷಗಟ್ಟಲೆ ಮುಂದುವರಿದಿರುತ್ತದೆ. ಇದನ್ನು ದಿಢೀರ್ ನಿಲ್ಲಿಸಿದರೆ ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ರಾತ್ರಿಯಿಡೀ ನಿದ್ದೆ ಇಲ್ಲದಿರುವುದು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಮೇಲೆ ಹೇಳಿದ 'ಇದು ಫಿಟ್ಸ್ ಅಲ್ಲ' ಎಂಬ ಮಾತು ಈ ಜೋಡಿ ಮಾತ್ರೆಯವರಿಗೆ ಅನ್ವಯಿಸುವುದಿಲ್ಲ. ಇದನ್ನು ಬಿಡುವಾಗ ಮೊದಲು ಎರಡನ್ನೂ ಬೇರೆ ಬೇರೆ ಮಾತ್ರೆಯಾಗಿ ಬರೆಸಿಕೊಂಡು, ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಇಳಿಸಬೇಕು. ಜೋಡಿ ಮಾತ್ರೆಯನ್ನೇ ಅರ್ಧ ಮುರಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ, ಯಾವುದರಿಂದ ಏನಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ.

ಬಿಟ್ಟರೆ ತೊಂದರೆ ಆಗುತ್ತದೆ ಅಂದರೆ ಇದು ಚಟವೇ ಅಲ್ವಾ?

ಚಟ ಅಂದರೆ ಇನ್ನೂ ಬೇಕು, ಇನ್ನೂ ಜಾಸ್ತಿ ಬೇಕು ಎನ್ನುವ ಸೆಳೆತ. ಎಸ್ಸಿಟಲೋಪ್ರಾಮ್‌ಗಾಗಿ ಯಾರೂ ಬಳೆ ಅಡ ಇಟ್ಟದ್ದಿಲ್ಲ. ನನ್ನ ರೋಗಿಗಳು ಅದನ್ನು ಮರೆಯುತ್ತಾರೆ, ಹುಡುಕಿಕೊಂಡು ಹೋಗುವುದಿಲ್ಲ.

ಆದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ ಎನ್ನುವುದು ನಿಜ. ಬಿಪಿಗೆ ಕೊಡುವ ಕೆಲವು ಮಾತ್ರೆಗಳನ್ನೂ ಥಟ್ಟನೆ ನಿಲ್ಲಿಸಿದರೆ ಎದೆಬಡಿತ ಏರುತ್ತದೆ, ಅದನ್ನು ಚಟ ಅನ್ನುವುದಿಲ್ಲ. 'ಇದು ಚಟ ಹತ್ತಿಸುವುದಿಲ್ಲ' ಎಂದಷ್ಟೇ ಹೇಳಿ, ಬಿಡುವಾಗ ಏನಾಗಬಹುದು ಎಂಬುದನ್ನು ಹೇಳದೆ ಕಳಿಸುವ ನಮ್ಮಂಥ ಡಾಕ್ಟರುಗಳ ತಪ್ಪೂ ಇದರಲ್ಲಿ ಇದೆ.

ಹಾಗಾದರೆ ಸರಿಯಾಗಿ ಬಿಡುವುದು ಹೇಗೆ?

ಮೊದಲು ಸಮಯ ಆಗಿದೆಯಾ ಎಂದು ನೋಡಬೇಕು. ಮೊದಲ ಸಲ ಡಿಪ್ರೆಷನ್ ಬಂದವರಿಗೂ, ಪೂರ್ತಿ ಚೆನ್ನಾದ ಮೇಲೆ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಸುತ್ತೇವೆ. ಎರಡು ಮೂರು ಸಲ ಬಂದವರಿಗೆ ಇನ್ನೂ ಹೆಚ್ಚು.

ಆಮೇಲೆ ಇಳಿಸುವ ಲೆಕ್ಕ. ಇದರಲ್ಲಿ ಒಂದು ಮೋಸ ಇದೆ. 10ರಿಂದ 5, 5ರಿಂದ ಸೊನ್ನೆ, ಎರಡೂ ಒಂದೇ ಅಳತೆಯ ಹೆಜ್ಜೆ ಅನ್ನಿಸುತ್ತದೆ ಅಲ್ವಾ? ಮೆದುಳಿನಲ್ಲಿ ಹಾಗಿಲ್ಲ. ಆ ಬಾಗಿಲುಗಳ ಮಾತಿಗೆ ವಾಪಸ್ ಬನ್ನಿ. ಪೆಟ್ ಸ್ಕ್ಯಾನ್‌ಗಳಿಂದ ಗೊತ್ತಾಗಿರುವ ಪ್ರಕಾರ ಎಸ್ಸಿಟಲೋಪ್ರಾಮ್ 10 ಮಿಲಿಗ್ರಾಂನಲ್ಲಿ ನೂರಕ್ಕೆ ಸುಮಾರು 80 ಬಾಗಿಲು ಮುಚ್ಚಿರುತ್ತವೆ. ಡೋಸ್ 5ಕ್ಕೆ ಇಳಿದರೂ ಸುಮಾರು 70 ಮುಚ್ಚಿಯೇ ಇರುತ್ತವೆ. 2.5ರಲ್ಲೂ ಅರ್ಧಕ್ಕಿಂತ ಹೆಚ್ಚು. ಅಂದರೆ 10ರಿಂದ 5ಕ್ಕೆ ಬಂದಾಗ ಮೆದುಳಿಗೆ ಕಂಡ ವ್ಯತ್ಯಾಸ ಬರೀ ಹತ್ತು ಬಾಗಿಲು. 5ರಿಂದ ಸೊನ್ನೆಗೆ ಹಾರಿದರೆ ಎಪ್ಪತ್ತು! ಮೇಲಿನ ಮೆಟ್ಟಿಲುಗಳೆಲ್ಲ ಗಿಡ್ಡ, ಕೊನೆಯ ಮೆಟ್ಟಿಲು ಆಳೆತ್ತರ. 'ಅರ್ಧ ಮಾಡಿದಾಗ ಏನೂ ಆಗಲಿಲ್ಲ, ಪೂರ್ತಿ ಬಿಟ್ಟಾಗ ಬಿದ್ದೆ' ಎಂದು ಜನ ಹೇಳುವುದು ಇದಕ್ಕೇ. 2019ರಲ್ಲಿ ಹೊರೊವಿಟ್ಜ್ ಮತ್ತು ಟೇಲರ್ ಎಂಬ ಇಬ್ಬರು ಲಂಡನ್ನಿನಿಂದ ಬರೆದ ಲೇಖನದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಕೆಳಗೆ ಬಂದಷ್ಟೂ ಹೆಜ್ಜೆ ಚಿಕ್ಕದಾಗಬೇಕು.

ಮೇಷ್ಟ್ರು ಮರುವರ್ಷ ಬೇಸಿಗೆ ರಜೆಯ ಹೊತ್ತಿಗೆ ಸರಿಯಾಗಿ ಶುರು ಮಾಡಿದರು. 5 ಮಿಲಿಗ್ರಾಂ ಮಾತ್ರೆಗಳನ್ನು ಬರೆದುಕೊಟ್ಟೆ, ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆ ಕತ್ತರಿಸುವ ಡಬ್ಬಿ ತೆಗೆದುಕೊಂಡರು. ಒಂದೂವರೆ ಮಾತ್ರೆ, ಅಂದರೆ 7.5, ನಾಲ್ಕು ವಾರ. ಒಂದು ಮಾತ್ರೆ ನಾಲ್ಕು ವಾರ. ಇಲ್ಲಿವರೆಗೆ ಸಲೀಸು. ಅರ್ಧಕ್ಕೆ ಇಳಿದ ಮೂರನೇ ದಿನ ಮತ್ತೆ ಜುಂಯ್ ಶುರು, ಕ್ಲಾಸಿನಲ್ಲಿ ಬೋರ್ಡಿನಿಂದ ಹುಡುಗರ ಕಡೆ ತಿರುಗಿದಾಗ ಮೇಜು ಹಿಡಿದುಕೊಳ್ಳಬೇಕಾಯಿತು. ಒಂದು ವಾರ ನೋಡಿ ಮುಕ್ಕಾಲಿಗೆ, ಅಂದರೆ 3.75ಕ್ಕೆ, ವಾಪಸ್ ಹೋದೆವು. ಎರಡು ದಿನದಲ್ಲಿ ಸರಿಹೋಯಿತು. ಅಲ್ಲಿ ನಾಲ್ಕು ವಾರ ನಿಂತು, ಅರ್ಧ ಮಾತ್ರೆ ಆರು ವಾರ, ಕಾಲು ಮಾತ್ರೆ ಆರು ವಾರ. ಆಮೇಲೆ ಪೂರ್ತಿ ಬಿಟ್ಟರು. ನಾಲ್ಕು ದಿನ ಸಣ್ಣ ತೇಲಾಟ ಇತ್ತು, ಹೋಯಿತು. ಒಟ್ಟು ಸುಮಾರು ಆರು ತಿಂಗಳು.

ಇದು ಅವರ ಲೆಕ್ಕ, ನಿಮ್ಮದಲ್ಲ. ಕೆಲವು ತಿಂಗಳಷ್ಟೇ ತೆಗೆದುಕೊಂಡವರಿಗೆ ಒಂದು ತಿಂಗಳಲ್ಲೂ ಮುಗಿಯಬಹುದು. ಕೆಲವರಿಗೆ ಕಾಲು ಮಾತ್ರೆಯಿಂದ ಸೊನ್ನೆಯೂ ದೊಡ್ಡ ಹೆಜ್ಜೆಯೇ. ಅಂಥವರಿಗೆ ದ್ರವ ರೂಪದಲ್ಲಿ ಇನ್ನೂ ಸಣ್ಣ ಡೋಸ್ ಹೊಂದಿಸಲು ಆಗುತ್ತದಾ ಎಂದು ಡಾಕ್ಟರ್ ನೋಡಬೇಕಾಗುತ್ತದೆ. ತೊಂದರೆ ಬಂದರೆ ಹಿಂದಿನ ಮೆಟ್ಟಿಲಿಗೆ ಹೋಗುವುದು ಸೋಲಲ್ಲ, ಲೆಕ್ಕದ ಒಂದು ಭಾಗ.

ಕಾಲು ಭಾಗ ಮಾಡುವಾಗ ತುಂಡುಗಳು ಸಮ ಬರುವುದಿಲ್ಲ. ತಲೆ ಕೆಡಿಸಿಕೊಳ್ಳಬೇಡಿ. ಒಂದು ಮಾತ್ರೆಯ ನಾಲ್ಕೂ ತುಂಡನ್ನು ಸಾಲಾಗಿ ನಾಲ್ಕು ದಿನ ತೆಗೆದುಕೊಂಡರೆ ಸರಾಸರಿ ಸರಿಹೋಗುತ್ತದೆ. ಆದರೆ ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಸಿಆರ್ ಎಂದು ಇರುವ ಮಾತ್ರೆಗಳನ್ನು ಕತ್ತರಿಸಬಾರದು, ಕ್ಯಾಪ್ಸೂಲನ್ನು ನೀವೇ ಬಿಚ್ಚಬಾರದು. ಇಡೀ ದಿನಕ್ಕೆ ಮೆಲ್ಲಗೆ ಬಿಡಬೇಕಾದ ಔಷಧಿ ಒಮ್ಮೆಲೇ ಹೊಟ್ಟೆಗೆ ಸುರಿಯಬಹುದು.

ಕತ್ತರಿಸುವ ರಗಳೆ ಬೇಡ. ದಿನ ಬಿಟ್ಟು ದಿನ ತೆಗೆದುಕೊಂಡರೆ?

ಬೇಡ. ಎಸ್ಸಿಟಲೋಪ್ರಾಮ್ ಸುಮಾರು ಮೂವತ್ತು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಎರಡು ದಿನಕ್ಕೊಂದು ಮಾತ್ರೆ ಎಂದರೆ ಮುಂದಿನ ಮಾತ್ರೆ ಬರುವಷ್ಟರಲ್ಲಿ ಮೂರರಲ್ಲಿ ಒಂದು ಭಾಗ ಮಾತ್ರ ಉಳಿದಿರುತ್ತದೆ. ಮತ್ತೆ ಏರುತ್ತದೆ, ಮತ್ತೆ ಬೀಳುತ್ತದೆ. ನಿಲ್ಲಿಸುವ ಕಷ್ಟವನ್ನು ವಾರಕ್ಕೆ ಮೂರು ಸಲ ಅನುಭವಿಸಿದ ಹಾಗೆ. ವೆನ್ಲಾಫಾಕ್ಸಿನ್‌ನಲ್ಲಂತೂ ಇದು ಹಿಂಸೆ. ದಿನವೂ ತೆಗೆದುಕೊಳ್ಳಿ, ಪ್ರಮಾಣ ಇಳಿಸಿ. ಫ್ಲೂಆಕ್ಸೆಟಿನ್ ಒಂದಕ್ಕೆ ಮಾತ್ರ ದಿನ ಬಿಟ್ಟು ದಿನ ನಡೆಯುತ್ತದೆ.

ನನಗೆ ಡಿಪ್ರೆಷನ್ ಇಲ್ಲವೇ ಇಲ್ಲ. ಶುಗರ್‌ನಿಂದ ಪಾದ ಉರಿಗೆ ಮಾತ್ರೆ ಕೊಟ್ಟಿದ್ದರು. ನನಗೂ ಹೀಗಾಗುತ್ತಿದೆ.

ಅದು ಡ್ಯುಲಾಕ್ಸೆಟಿನ್ ಇರಬಹುದು. ನರದ ನೋವಿಗೆ ಒಳ್ಳೆಯ ಔಷಧಿ, ಆದರೆ ಮೂಲತಃ ಡಿಪ್ರೆಷನ್ ಮಾತ್ರೆಯೇ. ಮೈಗ್ರೇನಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಹಾಗೇ. ಪಾದ ಉರಿಯುತ್ತಿದೆಯೋ, ಮನಸ್ಸು ಕುಗ್ಗಿದೆಯೋ ಮೆದುಳಿನ ಬಾಗಿಲುಗಳಿಗೆ ಗೊತ್ತಿಲ್ಲ, ಔಷಧಿ ನಿಂತರೆ ಅವುಗಳ ಪ್ರತಿಕ್ರಿಯೆ ಒಂದೇ. 'ಉರಿ ಕಡಿಮೆಯಾಯಿತು' ಎಂದು ನೀವೇ ಬಿಡಬೇಡಿ, ಇಳಿಸಿ ಬಿಡಬೇಕು.

ಗರ್ಭಿಣಿ ಎಂದು ಗೊತ್ತಾಯಿತು. ಅಂದೇ ಮಾತ್ರೆ ಬಿಟ್ಟುಬಿಟ್ಟೆ. ಸರಿ ಮಾಡಿದೆನಾ?

ನಿಮ್ಮ ಗಾಬರಿ ಅರ್ಥವಾಗುತ್ತದೆ, ಮನೆಯ ಹಿರಿಯರೂ ಹಾಗೇ ಹೇಳಿರುತ್ತಾರೆ. ಆದರೆ ಮೂರನೇ ತಿಂಗಳ ವಾಂತಿಯ ಜೊತೆ ಮಾತ್ರೆ ನಿಂತ ವಾಕರಿಕೆ, ತಲೆಸುತ್ತು ಸೇರಿದರೆ ಕಷ್ಟ ದುಪ್ಪಟ್ಟು. ಡಿಪ್ರೆಷನ್ ಮರಳಿದರೆ ಅದೂ ತಾಯಿ ಮಗು ಇಬ್ಬರಿಗೂ ಒಳ್ಳೆಯದಲ್ಲ. ಎಲ್ಲ ಮಾತ್ರೆಗಳೂ ಒಂದೇ ಅಲ್ಲ. ಪ್ಯಾರಾಕ್ಸೆಟಿನ್ ಇದ್ದರೆ ಮಗುವಿನ ಹೃದಯದ ದೃಷ್ಟಿಯಿಂದ ಬದಲಿಸುವ ಬಗ್ಗೆ ಯೋಚಿಸುತ್ತೇವೆ, ಸರ್ಟ್ರಾಲಿನ್ ಅನ್ನು ಎಷ್ಟೋ ಜನರಿಗೆ ಮುಂದುವರಿಸುತ್ತೇವೆ. ಎರಡು ಮೂರು ದಿನದೊಳಗೆ ಮನೋವೈದ್ಯರನ್ನೂ ಹೆರಿಗೆ ಡಾಕ್ಟರನ್ನೂ ಕಾಣಿ. ಹೆರಿಗೆಯ ಹೊತ್ತಿಗೂ ಮಾತ್ರೆ ನಡೆಯುತ್ತಿದ್ದರೆ ಮಗುವಿನ ಡಾಕ್ಟರಿಗೆ ಮೊದಲೇ ತಿಳಿಸಿ. ಹುಟ್ಟಿದ ಮಗುವಿಗೂ ಮೊದಲ ಕೆಲವು ದಿನ ಸ್ವಲ್ಪ ನಡುಕ, ರಚ್ಚೆ ಇರಬಹುದು, ಗಮನಿಸುತ್ತಾರೆ.

ತಕ್ಷಣ ಆಸ್ಪತ್ರೆಗೆ ಓಡಬೇಕಾದ್ದು ಯಾವಾಗ?

ಸಾಯುವ ಯೋಚನೆ ಬಂದರೆ. ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ. ಮೂರ್ನಾಲ್ಕು ದಿನದಿಂದ ನಿದ್ದೆಯೇ ಬೇಡ, ಮಾತು ನಿಲ್ಲುತ್ತಿಲ್ಲ, ದುಡ್ಡು ಚೆಲ್ಲುತ್ತಿದ್ದಾರೆ ಎಂದು ಮನೆಯವರಿಗೆ ಕಂಡರೆ. ಒಂದು ಕಡೆಯ ಕೈಕಾಲು ಬಲ ಕಳೆದುಕೊಂಡರೆ, ಮಾತು ತೊದಲಿದರೆ ಅದು ಮಾತ್ರೆಯ ವಿಷಯವೇ ಅಲ್ಲ, ಪಾರ್ಶ್ವವಾಯು ಇರಬಹುದು, ಒಂದು ನಿಮಿಷವೂ ಕಾಯಬೇಡಿ.

ನಡುರಾತ್ರಿಯಲ್ಲಿ ಯಾರ ಜೊತೆಗಾದರೂ ಮಾತಾಡಬೇಕೆನಿಸಿದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಡಾಕ್ಟರೇ 'ಇವತ್ತೇ ನಿಲ್ಲಿಸಿ' ಎನ್ನುವ ಸಂದರ್ಭಗಳೂ ಇವೆ. ರಕ್ತದಲ್ಲಿ ಸೋಡಿಯಂ ತೀರಾ ಕುಸಿದಾಗ, ಜೋರು ಅಲರ್ಜಿ ಆದಾಗ, ಮನಸ್ಸು ಉನ್ಮಾದದ ಕಡೆ ತಿರುಗಿದಾಗ. ಆಗ ನಿಲ್ಲಿಸುವುದೇ ಸರಿ, ಮುಂದಿನ ಲಕ್ಷಣಗಳನ್ನು ಅವರು ನೋಡಿಕೊಳ್ಳುತ್ತಾರೆ.

ಇಷ್ಟೆಲ್ಲ ನಿಧಾನವಾಗಿ ಬಿಟ್ಟರೆ ಡಿಪ್ರೆಷನ್ ಮತ್ತೆ ಬರಲ್ಲ ತಾನೆ?

ಹಾಗೆ ಮಾತು ಕೊಡಲಾರೆ. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ವರ್ಷಗಳಿಂದ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದ 478 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಮಾತ್ರೆ ಮುಂದುವರಿಸಿತು, ಇನ್ನೊಂದಕ್ಕೆ ಇಳಿಸಿ ನಿಲ್ಲಿಸಿದರು. ಯಾರು ಯಾವ ಗುಂಪು ಎಂದು ಯಾರಿಗೂ ತಿಳಿಸಲಿಲ್ಲ. ವರ್ಷದೊಳಗೆ ಡಿಪ್ರೆಷನ್ ಮರಳಿದ್ದು ನಿಲ್ಲಿಸಿದವರಲ್ಲಿ ನೂರಕ್ಕೆ 56 ಜನರಿಗೆ. ಮುಂದುವರಿಸಿದವರಲ್ಲೂ 39 ಜನರಿಗೆ. ಇದನ್ನು ಹೇಗೂ ಓದಬಹುದು. ಮಾತ್ರೆ ಒಂದಿಷ್ಟು ಕಾಯುತ್ತದೆ. ಹಾಗೇ ನಿಲ್ಲಿಸಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಮಾತ್ರೆ ಇಲ್ಲದೆಯೂ ವರ್ಷ ದಾಟಿದರು. ಮೇಷ್ಟ್ರಿಗೆ ಈ ಅಂಕಿ ತೋರಿಸಿದಾಗ 'ನಾಣ್ಯ ಚಿಮ್ಮಿದ ಹಾಗೇ ಆಯ್ತಲ್ಲ ಸರ್' ಅಂದರು. ಗಣಿತದವರು ನೋಡಿ. ಪೂರ್ತಿ ಬಿಟ್ಟ ಮೇಲೂ ಆರು ತಿಂಗಳು, ತಿಂಗಳಿಗೊಮ್ಮೆ ಬಂದು ಹೋಗುವುದು ಎಂದು ಒಪ್ಪಂದವಾಯಿತು. ಮೂರಕ್ಕೆ ಎಚ್ಚರವಾಗುವುದು ಎರಡು ವಾರ ನಡೆದರೆ ಫೋನ್ ಮಾಡುವ ಜವಾಬ್ದಾರಿ ಹೆಂಡತಿಯದು.

ನಾಳೆಗೆ ಮಾತ್ರೆ ಇಲ್ಲ. ಇವತ್ತು ಭಾನುವಾರ, ಡಾಕ್ಟರ್ ಊರಲ್ಲಿಲ್ಲ. ಏನು ಮಾಡಲಿ?

ಹಳೆಯ ಚೀಟಿ ಮತ್ತು ಖಾಲಿ ಸ್ಟ್ರಿಪ್ ಎರಡನ್ನೂ ಹಿಡಿದು ನಿಮ್ಮ ಮಾಮೂಲಿ ಮೆಡಿಕಲ್ ಶಾಪಿಗೆ ಹೋಗಿ. ನೀವು ನೋಡುವ ಬ್ರ್ಯಾಂಡ್ ಸಿಗದಿದ್ದರೆ ಅದೇ ಔಷಧಿ ಬೇರೆ ಕಂಪನಿಯದು ಸಿಗುತ್ತದೆ. ಒಳಗಿನ ಔಷಧಿಯ ಹೆಸರು, ಮಿಲಿಗ್ರಾಂ, ಕ್ಲೊನಾಜೆಪಾಮ್ ಸೇರಿದೆಯೋ ಇಲ್ಲವೋ, ಇವು ಮೂರನ್ನು ಹೊಂದಿಸಿ ನೋಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಚೀಟಿ ತೋರಿಸಿ ಕೆಲವು ದಿನಕ್ಕೆ ಬರೆಸಿಕೊಳ್ಳಬಹುದು. ಎಸ್ಸಿಟಲೋಪ್ರಾಮ್ ಆದರೆ ಒಂದು ದಿನ ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ, ಸೋಮವಾರ ಬೆಳಿಗ್ಗೆ ಸಿಕ್ಕ ಕೂಡಲೇ ತೆಗೆದುಕೊಳ್ಳಿ. ವೆನ್ಲಾಫಾಕ್ಸಿನ್ ಆದರೆ ಭಾನುವಾರವೇ ಓಡಾಡಿ. ಮುಂದಿನ ಸಲ ಸ್ಟ್ರಿಪ್ಪಿನಲ್ಲಿ ಏಳು ಮಾತ್ರೆ ಉಳಿದಾಗಲೇ ಹೊಸದು ತನ್ನಿ. ಮೇಷ್ಟ್ರ ಹೆಂಡತಿ ಏಳನೇ ಮಾತ್ರೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಕೆಂಪು ಚುಕ್ಕೆ ಇಡುತ್ತಿದ್ದರು.